ಸಂಬಳ ಬಾರದ ಬುಧವಾರ ಬರೆದ ಎರಡು ಮೇಲ್

"ಅಕ್ಕಾ, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ತಿಂಗಳಾಯ್ತು. ಪೇರೋಲ್ ಸಪೋರ್ಟ್ ಕೆಲಸ. ಕ್ಲೈಂಟ್ ಸಿಟ್ಟಲ್ಲಿ ಮೇಲ್ ಹಾಕಿದಾಗ ಏನಾಯ್ತು, ಯಾಕಾಯ್ತು ಅಂತ ಒಂದೂ ಬಿಡದೆ ವಿವರಿಸ್ತೀನಿ. ಅದನ್ನ ಓದಿ ಇನ್ನೂ ಕೆಂಡ ಆಗ್ತಾರೆ. ಇಲ್ಲಿಯವರಿಗೆ ಹೇಗೆ ಬರೀಬೇಕು?"

ಇದೇ ಕೆಲಸದಲ್ಲಿ ನಾನೂ ಪೆಟ್ಟು ತಿಂದೇ ಕಲಿತೆ. ಒಂದೇ ದಿನ ಕಳಿಸಿದ ಎರಡು ಮೇಲ್‌ಗಳ ಕಥೆ ಹೇಳಿಬಿಡ್ತೀನಿ.

2019ರ ಆಗಸ್ಟ್. ನಮ್ಮ ಕ್ಲೈಂಟ್ ಒಂದು ಬೇಕರಿ, 62 ಜನ ಕೆಲಸಗಾರರು, ಪ್ರತಿ ತಿಂಗಳು 28ಕ್ಕೆ ಸಂಬಳ. ಇಲ್ಲಿ ಬ್ಯಾಂಕ್ ಖಾತೆಗಳಿಗೆ ಸಂಬಳ ಕಳಿಸುವ ವ್ಯವಸ್ಥೆಯಾದ ಬ್ಯಾಕ್ಸ್‌ನಲ್ಲಿ ದುಡ್ಡು ಹೋಗೋಕೆ ಮೂರು ಕೆಲಸದ ದಿನ ಬೇಕು ಅಂತ ನಿಮಗೆ ಗೊತ್ತೇ ಇದೆ: ಒಂದು ದಿನ ಫೈಲ್ ಕಳಿಸೋಕೆ, ಮಾರನೇ ದಿನ ಪ್ರೊಸೆಸ್ ಆಗೋಕೆ, ಮೂರನೇ ದಿನ ಖಾತೆಗೆ ಬೀಳೋಕೆ. ಆ ಸಲ 28 ಬುಧವಾರ, ಅದರ ಹಿಂದಿನ ಸೋಮವಾರ ಬ್ಯಾಂಕ್ ಹಾಲಿಡೇ. ಫೈಲ್ ಶುಕ್ರವಾರವೇ ಹೋಗಬೇಕಿತ್ತು. ನಮ್ಮ ಕ್ಯಾಲೆಂಡರ್‌ನಲ್ಲಿ ಆ ರಜೆಯನ್ನು ಯಾರೂ ಹಾಕಿರಲಿಲ್ಲ. ಫೈಲ್ ಮಂಗಳವಾರ ಹೊರಟಿತು.

ಬುಧವಾರ ಬೆಳಿಗ್ಗೆ 7:40ಕ್ಕೆ ಬೇಕರಿಯ ಮ್ಯಾನೇಜರ್ ಮೇಲ್ ಬಂತು. ನಾಲ್ಕೇ ಸಾಲು. ರಾತ್ರಿ ಪಾಳಿ ಮುಗಿಸಿದವರು ತನ್ನ ಬಾಗಿಲ ಮುಂದೆ ನಿಂತಿದ್ದಾರೆ, ಅವರಿಗೆ ಏನು ಹೇಳಲಿ ಅಂತ ಕೇಳಿದ್ದಳು. ನಾನು ಬ್ಯಾಕ್ಸ್‌ನ ಮೂರು ದಿನದ ಲೆಕ್ಕ, ಬ್ಯಾಂಕ್ ಹಾಲಿಡೇ, ಕ್ಯಾಲೆಂಡರ್ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದೆ, ಕೊನೆಯಲ್ಲಿ "ಅನಾನುಕೂಲಕ್ಕೆ ಕ್ಷಮಿಸಿ" ಅಂತ ಸೇರಿಸಿದೆ. ಒಂದಕ್ಷರ ಸುಳ್ಳಿರಲಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು, ಈ ಸಲ ನಮ್ಮ ಡೈರೆಕ್ಟರ್‌ಗೂ ಪ್ರತಿ ಹಾಕಿ: "ನಾನು ಬ್ಯಾಂಕಿನ ಪಾಠ ಕೇಳಿರಲಿಲ್ಲ."

ಅವಳು ಹೇಳಿದ್ದು ಸರಿ. ಬಾಗಿಲಲ್ಲಿ ನಿಂತವರ ವಿಷಯ ನನ್ನ ಮೇಲ್‌ನಲ್ಲಿ ಎಲ್ಲೂ ಇರಲಿಲ್ಲ. ತನ್ನ ಕಷ್ಟ ಎದುರಿಗಿರೋರಿಗೆ ಮುಟ್ಟಿದೆಯೋ ಇಲ್ಲವೋ ಗೊತ್ತಾಗದೆ ಇರುವಾಗ, ಯಾವ ಕಾರಣ ಕೊಟ್ಟರೂ ಅದು ಜಾರಿಕೊಳ್ಳುವ ಮಾತಿನ ಹಾಗೇ ಕೇಳುತ್ತದೆ. ನಮಗೆ ಶಾಲೆಯಿಂದಲೂ ಮೇಷ್ಟ್ರು ಕೇಳಿದ ಕೂಡಲೇ ಕಾರಣ ಹೇಳಿ ಅಭ್ಯಾಸ. ಅದೇ ಇಲ್ಲೂ ಬೆರಳ ತುದಿಗೆ ಬರುತ್ತದೆ.

ಎರಡನೇ ಮೇಲ್‌ನ ಸಾರ ಕನ್ನಡದಲ್ಲಿ ಹೀಗಿತ್ತು: "ನಿಮ್ಮ 62 ಜನಕ್ಕೆ ಇವತ್ತು ಸಂಬಳ ಬಂದಿಲ್ಲ. ಅವರಿಗೆ ಮುಖ ಕೊಟ್ಟು ಉತ್ತರ ಹೇಳಬೇಕಾಗಿರೋದು ನೀವು. ತಪ್ಪು ನಮ್ಮದು, ಕ್ಷಮಿಸಿ. ದುಡ್ಡು ನಾಳೆ ಗುರುವಾರ ಬೆಳಿಗ್ಗೆ ಖಾತೆಯಲ್ಲಿರುತ್ತದೆ. ಇವತ್ತೇ ಬೇಕಾದವರಿಗೆ ನೀವು ಫಾಸ್ಟರ್ ಪೇಮೆಂಟ್ಸ್‌ನಲ್ಲಿ ಮುಂಗಡ ಕೊಟ್ಟರೆ, ಮುಂದಿನ ಸಂಬಳದಲ್ಲಿ ನಾವು ಹೊಂದಿಸುತ್ತೇವೆ. ಸಿಬ್ಬಂದಿಗೆ ಹಾಕಬಹುದಾದ ಒಂದು ನೋಟೀಸ್ ಕೆಳಗಿದೆ. 9:30ಕ್ಕೆ ಫೋನ್ ಮಾಡುತ್ತೇನೆ. ಹೇಗಾಯಿತು ಅನ್ನೋದನ್ನು ಶುಕ್ರವಾರ ಬರೆದು ಕಳಿಸುತ್ತೇನೆ."

ಮೊದಲ ಸಾಲಲ್ಲಿ ಅವಳದೇ ಸಂಗತಿ, ಅವಳದೇ ಸಂಖ್ಯೆ ಇದೆ ನೋಡಿ. "ನಿಮ್ಮ ಸಮಸ್ಯೆ ಅರ್ಥವಾಗುತ್ತದೆ" ಅಂತ ಬರೆದರೆ ಆ ಕೆಲಸ ಆಗೋಲ್ಲ, ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ ಮಾತು ಅದು. "ನಿಮಗೆ ಹಾಗನಿಸಿದ್ದಕ್ಕೆ ವಿಷಾದ" ಅನ್ನೋದಂತೂ ಬೇಡವೇ ಬೇಡ. ತಪ್ಪು ಅವರ ಅನಿಸಿಕೆಯಲ್ಲಿದೆ ಎಂದು ಹೇಳಿದ ಹಾಗಾಗುತ್ತದೆ. ಇಲ್ಲಿಯವರು ಅದನ್ನು ತಕ್ಷಣ ಹಿಡಿಯುತ್ತಾರೆ. ಇನ್ನೊಂದು, ಕ್ಷಮೆ ಕೇಳಿದ ಮೇಲೆ "ಆದರೆ" ಬಂದರೆ ಕ್ಷಮೆ ಅಲ್ಲಿಗೇ ಸತ್ತಿತು.

ಕಾರಣ ಇನ್ನೂ ಗೊತ್ತಿಲ್ಲದಿದ್ದಾಗ "ತಪ್ಪು ನಮ್ಮದು" ಅನ್ನಬೇಡಿ. ಎಷ್ಟೋ ಸಲ ಕ್ಲೈಂಟೇ ಫೈಲ್ ಅಪ್ರೂವ್ ಮಾಡಿರೋದಿಲ್ಲ. ಆಗಲೂ "62 ಜನಕ್ಕೆ ಸಂಬಳ ಬಂದಿಲ್ಲ, ಹೀಗಾಗಬಾರದಿತ್ತು, ನೋಡ್ತಾ ಇದ್ದೀನಿ, ಹತ್ತು ಗಂಟೆಗೆ ಹೇಳ್ತೀನಿ" ಅನ್ನಬಹುದು. ಅದರಲ್ಲಿ ಅಷ್ಟೂ ನಿಜ. ಕ್ಷಮೆ ಕೇಳಿದರೆ ಕಾನೂನಿನ ತೊಡಕು ಅಂತ ಆಫೀಸಲ್ಲಿ ಯಾರಾದರೂ ಹೆದರಿಸಬಹುದು. 2006ರ ಕಾಂಪೆನ್ಸೇಷನ್ ಆಕ್ಟ್ ಪ್ರಕಾರ ಬರೀ ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡ ಹಾಗಾಗೋದಿಲ್ಲ. ಆದರೆ ಪರಿಹಾರದ ದುಡ್ಡು, ಕಾಂಟ್ರಾಕ್ಟ್ ಇವುಗಳ ಬಗ್ಗೆ ಮ್ಯಾನೇಜರ್‌ನ ಕೇಳದೆ ಒಂದು ಸಾಲೂ ಬರೆಯಬೇಡಿ.

ಶುಕ್ರವಾರ ಕಳಿಸಿದ ಕಾರಣದ ಮೇಲ್ ಬುಧವಾರದ ಮೊದಲ ಮೇಲೇ, ಹೆಚ್ಚುಕಡಿಮೆ ಅದೇ ಮಾತುಗಳು. ಈ ಸಲ ಅವಳು ಪೂರ್ತಿ ಓದಿದಳು. ಸಿಟ್ಟು ಇಳಿದಿದೆ ಅಂತ ನನಗೆ ಗೊತ್ತಾಗಿದ್ದು ಅವಳ ಉತ್ತರದಿಂದ. ಡೈರೆಕ್ಟರ್ ಹೆಸರು ಅದರಲ್ಲಿರಲಿಲ್ಲ, ಒಂದೇ ಪ್ರಶ್ನೆ ಇತ್ತು: ಡಿಸೆಂಬರ್ 28 ಶನಿವಾರ ಬರುತ್ತಲ್ಲ, ಕ್ರಿಸ್ಮಸ್‌ನ ಎರಡು ರಜೆ ಬೇರೆ, ಫೈಲ್ ಯಾವತ್ತು ಹೋಗಬೇಕು? ಇಬ್ಬರೂ ಫೋನಲ್ಲೇ ಬೆರಳೆಣಿಸಿದೆವು. 27ರ ಶುಕ್ರವಾರ ದುಡ್ಡು ಬೀಳಬೇಕಾದರೆ 23ರ ಸೋಮವಾರ ಹೋಗಬೇಕು.