ಜೀನ್ ರಿಪೋರ್ಟ್ ಬರುವ ಮೊದಲೇ ಮಾತ್ರೆ ಯಾಕೆ?

"ಅಣ್ಣನಿಗೆ ಎಎಂಎಲ್ ಎನ್ನುವ ರಕ್ತದ ಕ್ಯಾನ್ಸರ್ ಅಂದಿದ್ದಾರೆ. ಸ್ಮಿಯರ್ ರಿಪೋರ್ಟಲ್ಲಿ ಬ್ಲಾಸ್ಟ್, ಔವರ್ ರಾಡ್ ಅಂತ ಇದೆ. ಜೀನ್ ಟೆಸ್ಟ್ ಇನ್ನೂ ಬಂದಿಲ್ಲ, ಆಗಲೇ ಮಾತ್ರೆ ಶುರು ಮಾಡಿದ್ದಾರೆ. ಇಷ್ಟು ಅವಸರ ಯಾಕೆ?"

ನಾನು ಸ್ಮಿಯರ್, ಅಂದರೆ ಗಾಜಿನ ಸ್ಲೈಡ್ ಮೇಲೆ ಹರಡಿದ ರಕ್ತ, ನೋಡುವ ಪೆಥಾಲಜಿಸ್ಟ್. ನಿಮ್ಮ ಅಣ್ಣನ ಸ್ಲೈಡ್ ನಾನು ನೋಡಿಲ್ಲ. ಆದರೂ ಆ ಮಾತ್ರೆ ಎಟಿಆರ್‌ಎ ಆಗಿದ್ದರೆ, ಡಾಕ್ಟರಿಗೆ ಎಪಿಎಲ್ ಎನ್ನುವ ಬಗೆಯ ಎಎಂಎಲ್ ಮೇಲೆ ಅನುಮಾನ ಬಂದಿದೆ ಅಂತಲೇ ಅರ್ಥ.

ಬ್ಲಾಸ್ಟ್ ಅಂದರೆ ಬಲಿಯದ ರಕ್ತಕಣ. ಅದರೊಳಗೆ ಕೆಂಪು ಕಡ್ಡಿಯ ಹಾಗೆ ಕಾಣುವುದೇ ಔವರ್ ರಾಡ್. ಕಣದೊಳಗಿನ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಯಾಗುತ್ತವೆ. ಒಂದು ಕಡ್ಡಿ ಕಂಡರೂ ಕಾಯಿಲೆ ಮೈಲಾಯ್ಡ್, ಅಂದರೆ ಎಎಂಎಲ್ ಬರುವ ಕಣಗಳ ಜಾತಿಯದು ಎಂದು ಗೊತ್ತಾಗುತ್ತದೆ. ಒಂದೇ ಕಣದಲ್ಲಿ ಸೌದೆ ಹೊರೆ ಕಟ್ಟಿದ ಹಾಗೆ ಕಡ್ಡಿಗಳಿದ್ದರೆ ನಾವು ಕುರ್ಚಿ ಬಿಟ್ಟು ಏಳುತ್ತೇವೆ. ಅದು ಎಪಿಎಲ್‌ನ ಗುರುತು.

ಒಂದು ಮಳೆಗಾಲ 26 ವರ್ಷದ ಹುಡುಗಿಯ ರಕ್ತ ಬಂತು. ಪ್ಲೇಟ್‌ಲೆಟ್ 14,000, ಬಿಳಿ ಕಣ 1,800. ಮನೆಯವರೆಲ್ಲ ಡೆಂಗಿ ಅಂದುಕೊಂಡಿದ್ದರು. ಆದರೆ ಹಿಮೋಗ್ಲೋಬಿನ್ 7. ಡೆಂಗಿಯಲ್ಲಿ ಸುಮ್ನೆ ಅಷ್ಟು ಇಳಿಯುವುದಿಲ್ಲ. ವಸಡಿನಲ್ಲಿ ರಕ್ತ, ತೊಡೆಯ ಮೇಲೆ ನೀಲಿ ಮಚ್ಚೆ ಬೇರೆ. ಸ್ಲೈಡ್‌ನಲ್ಲಿ ಕಣಗಳೇ ಕಡಿಮೆ. ಅಂಚಿನವರೆಗೂ ಹುಡುಕಿದ ಮೇಲೆ ಆ ಹೊರೆ ಸಿಕ್ಕಿತು. ರಿಪೋರ್ಟ್ ಟೈಪ್ ಮಾಡುವ ಮೊದಲು ಫೋನ್ ಮಾಡಿದೆ.

ಯಾಕೆಂದರೆ ಈ ಕಣಗಳು ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನು ಹೊರಗೆ ಬಿಡುತ್ತವೆ. ಮೈಯೆಲ್ಲ ಸಣ್ಣ ಸಣ್ಣ ಹೆಪ್ಪು ಕಟ್ಟಿ, ಪ್ಲೇಟ್‌ಲೆಟ್ ಮತ್ತು ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನ್ ಖರ್ಚಾಗಿ ಹೋಗುತ್ತವೆ. ಆಮೇಲೆ ನಿಜವಾಗಿ ಬೇಕಾದ ಕಡೆ ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಮೊದಲ ದಿನಗಳಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಮಿದುಳಿನ ರಕ್ತಸ್ರಾವವೇ. ಅವಳ ಫೈಬ್ರಿನೋಜನ್ 90 ಇತ್ತು, ಇರಬೇಕಾದ್ದು 200ರ ಮೇಲೆ. ಅವತ್ತು ಸಂಜೆಯೇ ಎಟಿಆರ್‌ಎ ಕೊಟ್ಟರು, ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ತುಂಬಿಕೊಡುವ ಕ್ರಯೋ ಏರಿಸಿದರು. ಜೀನ್ ರಿಪೋರ್ಟ್ ಬಂದದ್ದು ನಾಲ್ಕನೇ ದಿನ.

ಎಟಿಆರ್‌ಎ ವಿಟಮಿನ್ ಎ ಜಾತಿಯ ಮದ್ದು. ಕಣಗಳನ್ನು ಒಡೆಯುವ ಬದಲು ಬಲಿಯುವಂತೆ ಮಾಡುತ್ತದೆ, ರಕ್ತಸ್ರಾವವೂ ಹತೋಟಿಗೆ ಬರುತ್ತದೆ. ರಿಪೋರ್ಟ್‌ನಲ್ಲಿ ಎಪಿಎಲ್ ಅಲ್ಲ ಎಂದು ಬಂದರೆ ಮಾತ್ರೆ ನಿಲ್ಲಿಸಿದರಾಯಿತು. ನಾಲ್ಕು ದಿನ ತಿಂದದ್ದಕ್ಕಿಂತ ನಾಲ್ಕು ದಿನ ಕಾದದ್ದೇ ಜಾಸ್ತಿ ಅಪಾಯ, ಅಲ್ವಾ?

ಎಲ್ಲ ಎಎಂಎಲ್‌ಗೂ ಇಷ್ಟೇ ಆತುರ ಇರುವುದಿಲ್ಲ. ಬೇರೆ ಬಗೆಗಳಲ್ಲಿ ರೋಗಿ ಸ್ಥಿರವಾಗಿದ್ದರೆ ಜೀನ್ ರಿಪೋರ್ಟಿಗೆ ಕೆಲವು ದಿನ ಕಾಯುತ್ತಾರೆ. ಬಿಳಿ ಕಣ ಲಕ್ಷ ದಾಟಿದ್ದರೆ ಮಾತ್ರ ಅಲ್ಲೂ ತಡ ಮಾಡುವುದಿಲ್ಲ.

ಎಟಿಆರ್‌ಎ ಶುರುವಾದ ಮೇಲೆ ನೀವು ನೋಡಬೇಕಾದ್ದು ಇದು: ಜ್ವರ, ಉಸಿರಾಟದ ತೊಂದರೆ, ದಿಢೀರನೆ ತೂಕ ಏರುವುದು. ಬಲಿಯುತ್ತಿರುವ ಕಣಗಳೇ ಇದನ್ನು ತರಬಹುದು, ಅದಕ್ಕೆ ಬೇಗ ಡೆಕ್ಸಾಮೆಥಸೋನ್ ಬೇಕಾಗುತ್ತದೆ. ರಾತ್ರಿ ಎರಡು ಗಂಟೆಯಾಗಿದ್ದರೂ ನರ್ಸನ್ನು ಕರೆಯಿರಿ. ತಲೆನೋವು ಜೋರಾದರೂ ಹಾಗೇ, ನೀವಾಗಿ ಬ್ರೂಫೆನ್ ಕೊಡಬೇಡಿ.