ಹಳೇ ಎಂಜಿನ್ ಆಯಿಲ್, ಕೂಲಂಟ್ ಒಂದೇ ಕ್ಯಾನಿಗೆ ಯಾಕೆ ಸುರಿಯಬಾರದು

ಪ್ರಶ್ನೆ: ತೋಟದ ಮನೆಯಲ್ಲಿ ನಾನೇ ನಮ್ಮ ಬೊಲೆರೋ ಎಂಜಿನ್ ಆಯಿಲ್ ಬದಲಾಯಿಸಿದೆ, ರೇಡಿಯೇಟರ್‌ನ ಹಳೇ ಕೂಲಂಟೂ ಇಳಿಸಿದೆ. ಒಂದೊಂದೂ ಐದಾರು ಲೀಟರ್ ಇದೆ. ಎರಡನ್ನೂ ಒಂದೇ ದೊಡ್ಡ ಕ್ಯಾನಿಗೆ ಹಾಕಿ ಗ್ಯಾರೇಜಿನ ಬ್ಯಾರಲ್‌ಗೆ ಸುರಿದು ಬಂದರೆ ಆಗುತ್ತಾ?

ಉತ್ತರ:

ಸದ್ಯ ಬೇರೆ ಬೇರೆ ಪಾತ್ರೆಯಲ್ಲಿದ್ದರೆ ಹಾಗೇ ಇರಲಿ, ದಯವಿಟ್ಟು ಸೇರಿಸಬೇಡಿ. ಗ್ಯಾರೇಜಿನ ಬ್ಯಾರಲ್ ಆಯಿಲ್‌ಗೆ ಸರಿಯಾದ ಜಾಗ, ಕೂಲಂಟ್‌ಗೆ ಅಲ್ಲ. ನಾನು ಬಳಸಿದ ಆಯಿಲ್‌ ಅನ್ನು ಮರುಸಂಸ್ಕರಣೆ ಮಾಡೋ ಘಟಕವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಬಂದ ಬ್ಯಾರಲ್‌ಗಳನ್ನು ಪರೀಕ್ಷಿಸಿ ಒಳಗೆ ಬಿಡೋದು, ಇಲ್ಲ ವಾಪಸ್ ಕಳಿಸೋದು ನನ್ನ ಪಾಲಿನ ಕೆಲಸವಾಗಿತ್ತು. ಹಾಗಾಗಿ ನೀವು ಕೇಳಿದ ಬ್ಯಾರಲ್ ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದರಿಂದಲೇ ಶುರು ಮಾಡ್ತೀನಿ.

ಎಂಜಿನ್‌ನಲ್ಲಿ ಓಡಿ ಕಪ್ಪಾದ ಆಯಿಲ್ ಸವೆದು ಮುಗಿದುಹೋಗಿರೋದಿಲ್ಲ. ಅದರಲ್ಲಿ ಮಸಿ, ಲೋಹದ ಪುಡಿ, ಒಂದಿಷ್ಟು ಡೀಸೆಲ್ ಸೇರಿರುತ್ತೆ, ಬೆರೆಸಿದ್ದ ರಾಸಾಯನಿಕಗಳು ಒಂದಿಷ್ಟು ಖರ್ಚಾಗಿರುತ್ತವೆ. ಮೂಲ ಎಣ್ಣೆ ಮಾತ್ರ ಬಹುಪಾಲು ಹಾಗೇ ಇರುತ್ತೆ. ಘಟಕದಲ್ಲಿ ಮೊದಲು ಬಿಸಿ ಮಾಡಿ ನೀರು ತೆಗೀತಾರೆ, ಆಮೇಲೆ ನಿರ್ವಾತದಲ್ಲಿ ಬಟ್ಟಿ ಇಳಿಸಿ ಮೂಲ ಎಣ್ಣೆಯನ್ನು ಮೇಲಕ್ಕೆ ಎತ್ತುತ್ತಾರೆ. ತಳದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ ಉಳಿಯುತ್ತೆ. ಮೇಲೆ ಬಂದ ಎಣ್ಣೆಯ ಬಣ್ಣ, ವಾಸನೆ ತೆಗೆದರೆ ಅದು ಮತ್ತೆ ಲೂಬ್ರಿಕಂಟ್‌ಗೆ ಹೋಗುತ್ತೆ. ಈ ದಾರಿ ಸುಗಮವಾಗಿ ನಡೆಯಬೇಕಾದರೆ ಬ್ಯಾರಲ್ ಒಳಗೆ ಕೂಲಂಟ್ ಇರಬಾರದು.

ಒಂದು ಬ್ಯಾರಲ್ ಲೆಕ್ಕ ಹೇಳ್ತೀನಿ. 200 ಲೀಟರ್ ಬ್ಯಾರಲ್, ಯಾವುದೋ ಗ್ಯಾರೇಜಿಂದ ಬಂದದ್ದು. ಮೊದಲು ಉದ್ದನೆ ಸರಳಿನ ತುದಿಗೆ ನೀರು ಪತ್ತೆ ಮಾಡೋ ಪೇಸ್ಟ್ ಸವರಿ ತಳ ಮುಟ್ಟುವ ಹಾಗೆ ಇಳಿಸ್ತೀವಿ. ನೀರು ತಗುಲಿದಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತೆ. ಈ ಅಳತೆಯ ಬ್ಯಾರಲ್‌ನಲ್ಲಿ ಒಂದು ಸೆಂಟಿಮೀಟರ್ ಎತ್ತರ ಅಂದರೆ ಸುಮಾರು ಎರಡೂವರೆ ಲೀಟರ್. ಪೇಸ್ಟ್ ಒಂದು ಸೆಂಟಿಮೀಟರ್ ತೋರಿಸಿತು ಅಂದುಕೊಳ್ಳಿ. ಎರಡೂವರೆ ಲೀಟರ್ ನೀರು, ಅಷ್ಟೇ ತಾನೇ ಅನ್ನಿಸುತ್ತೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಇದ್ದ ಬ್ಯಾರಲ್‌ಗೆ ಅಷ್ಟು ನೀರು ಇಳಿಯೋದು ಮಾಮೂಲು. ಆಮೇಲೆ ಬ್ಯಾರಲ್‌ನ ನಡುವಿಂದ ಒಂದು ಕೊಳವೆಯಲ್ಲಿ ಆಯಿಲ್ ಎತ್ತಿ, 150 ಡಿಗ್ರಿ ಆಸುಪಾಸು ಕಾದ ತಟ್ಟೆಗೆ ಒಂದು ಹನಿ ಬಿಡ್ತೀವಿ. ಒಣ ಆಯಿಲ್ ಆದರೆ ಹನಿ ಸುಮ್ಮನೆ ಹರಡುತ್ತೆ. ನೀರಿದ್ದರೆ ಒಗ್ಗರಣೆಗೆ ಒದ್ದೆ ಕರಿಬೇವು ಹಾಕಿದ ಹಾಗೆ ಚಟಪಟ ಅನ್ನುತ್ತೆ. ಈ ಬ್ಯಾರಲ್‌ನ ನಡುಭಾಗದ ಹನಿಯೂ ಜೋರಾಗಿ ಸಿಡಿಯಿತು. ಅಂದರೆ ತಳದಲ್ಲಿ ಕಂಡದ್ದು ಪೂರ್ತಿ ಅಲ್ಲ, ಉಳಿದದ್ದು ಆಯಿಲ್ ಒಳಗೇ ಕರಗಿದ ಹಾಗೆ ಕೂತಿದೆ. ತಳದ ದ್ರವ ತೆಗೆದು ನೋಡಿದರೆ ಹಸಿರು ಛಾಯೆ, ಕೂಲಂಟ್‌ನ ಮುಖ್ಯ ಅಂಶವಾದ ಗ್ಲೈಕಾಲ್ ಪತ್ತೆ ಮಾಡೋ ರಾಸಾಯನಿಕ ಹಾಕಿದರೆ ನೇರಳೆಗೆಂಪು ಬಣ್ಣ. ಮಳೆನೀರಲ್ಲ, ರೇಡಿಯೇಟರಿಂದ ಬಂದದ್ದು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎಣ್ಣೆ, ನೀರು ಎಷ್ಟಾದರೂ ಬೇರೆ ಆಗುತ್ತವಲ್ಲ, ಎರಡು ದಿನ ಬಿಟ್ಟರೆ ಕೂಲಂಟ್ ತಳಕ್ಕಿಳಿಯುತ್ತೆ, ಮೇಲಿನ ಆಯಿಲ್ ಬಸಿದುಕೊಂಡರಾಯಿತು ಅಂತ ತುಂಬ ಜನ ಅಂದುಕೊಳ್ತಾರೆ. ಕೂಲಂಟ್ ಆಯಿಲ್‌ಗಿಂತ ಭಾರ ಅನ್ನೋದು ನಿಜ. ಆದರೆ ಎಂಜಿನ್ ಆಯಿಲ್ ಬರೀ ಎಣ್ಣೆಯಲ್ಲ. ಮಸಿ ಒಂದೆಡೆ ಗಡ್ಡೆ ಕಟ್ಟದ ಹಾಗೆ ಹರಡಿ ಹಿಡಿದಿಡಲು ಅದರಲ್ಲಿ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಅನ್ನೋ ಪದಾರ್ಥ ಬೆರೆಸಿರ್ತಾರೆ. ಮಸಿಯನ್ನು ಹಿಡಿಯೋ ಅದೇ ಗುಣ ಕೂಲಂಟಿನ ಸಣ್ಣ ಸಣ್ಣ ಹನಿಗಳನ್ನೂ ಹಿಡಿದುಕೊಳ್ಳುತ್ತೆ. ಕ್ಯಾನ್ ಒಮ್ಮೆ ಗಾಡಿಯಲ್ಲಿ ಕುಲುಕಿದರೆ ಸಾಕು, ಮೇಲೆ ಆಯಿಲ್, ಕೆಳಗೆ ಕೂಲಂಟ್, ನಡುವೆ ಕಂದು ಬಣ್ಣದ ಲೋಳೆ. ಆ ಲೋಳೆ ವಾರಗಟ್ಟಲೆ ಇಟ್ಟರೂ ಒಡೆಯೋದಿಲ್ಲ.

ಹಾಗಾದರೆ ಘಟಕದಲ್ಲಿ ಕಾಯಿಸಿ ತೆಗೆಯಬಹುದಲ್ಲ? ಮಳೆನೀರಾದರೆ ತೆಗೆಯಬಹುದು, ಅಷ್ಟು ತೂಕ ಕಳೆದು ದುಡ್ಡು ಕೊಟ್ಟು ಬ್ಯಾರಲ್ ತಗೋತೀವಿ. ಕೂಲಂಟ್‌ನಲ್ಲಿರೋ ಎಥಿಲೀನ್ ಗ್ಲೈಕಾಲ್ ಕುದಿಯೋದು 197 ಡಿಗ್ರಿಗೆ. ನೀರು ಆವಿಯಾಗಿ ಹೋಗುವಾಗ ಅದು ಸ್ವಲ್ಪ ಮಾತ್ರ ಜೊತೆಗೆ ಹೋಗಿ, ಘಟಕದ ಕೊಳಚೆ ನೀರಿನ ಶುದ್ಧೀಕರಣಕ್ಕೆ ಹೊರೆಯಾಗುತ್ತೆ. ಉಳಿದದ್ದು ಆಯಿಲ್ ಜೊತೆ ಮುಂದಿನ ಹಂತಕ್ಕೆ ಹೋಗಿ, ಬಿಸಿಗೆ ಒಡೆದು ಆಮ್ಲವಾಗುತ್ತೆ, ಅಂಟಾಗುತ್ತೆ, ಕಾಯಿಸೋ ಕೊಳವೆಗಳ ಒಳಗೆ ಪದರ ಕಟ್ಟುತ್ತೆ. ಒದ್ದೆ ಲೋಳೆ ಕಾದಾಗ ನೊರೆಯೆದ್ದು ಪಾತ್ರೆ ಮೀರಿ ಬರೋದೂ ಉಂಟು. ಬಿಸಿ ಎಣ್ಣೆ ಹಾಗೆ ಹೊರಗೆ ಬಂದರೆ ಬೆಂಕಿಯ ಭಯ. ಆದ್ದರಿಂದ ಅಂಥ ಬ್ಯಾರಲ್‌ನ್ನು ವಾಪಸ್ ಕಳಿಸ್ತಿದ್ದೆವು. ನಿಮ್ಮ 5 ಲೀಟರ್ ಕೂಲಂಟ್ ಸೇರಿದರೆ ಕೆಡೋದು ನಿಮ್ಮ 5 ಲೀಟರ್ ಆಯಿಲ್ ಮಾತ್ರ ಅಲ್ಲ, ಆ ಬ್ಯಾರಲ್‌ನಲ್ಲಿ ಮೊದಲೇ ಇದ್ದ ಪೂರ್ತಿ ಆಯಿಲ್. ವಾಪಸ್ ಹೋದ ಬ್ಯಾರಲ್ ಯಾರ ಒಲೆಗೆ, ಯಾವ ಚರಂಡಿಗೆ ಹೋಗುತ್ತೆ ಅಂತ ಊಹಿಸೋದು ಕಷ್ಟವಲ್ಲ.

ಕೂಲಂಟ್ ಕಡೆಯಿಂದ ನೋಡಿದರೂ ಅಷ್ಟೇ. ಸ್ವಚ್ಛ ಹಳೇ ಕೂಲಂಟ್‌ನ್ನು ಸೋಸಿ, ಬಟ್ಟಿ ಇಳಿಸಿ ಗ್ಲೈಕಾಲ್ ವಾಪಸ್ ಪಡೆಯಬಹುದು. ಆಯಿಲ್ ಸೇರಿದರೆ ಸೋಸೋ ಪೊರೆಗಳೇ ಕಟ್ಟಿಕೊಳ್ಳುತ್ತವೆ. ಇನ್ನೊಂದು ಮಾತು: ಪಂಪ್ ರಿಪೇರಿಗೆ ಅಂತ ಇಳಿಸಿದ ಹೊಸದಾದ ಕೂಲಂಟ್ ಆಗಿದ್ದರೆ, ಶುದ್ಧ ಪಾತ್ರೆಯಲ್ಲಿ ಹಿಡಿದು ಅದನ್ನೇ ಮತ್ತೆ ತುಂಬಬಹುದು. ಆಯಿಲ್ ಬಿದ್ದ ಟ್ರೇಯಲ್ಲಿ ಹಿಡಿದದ್ದನ್ನು ಮಾತ್ರ ತುಂಬಬೇಡಿ, ರೇಡಿಯೇಟರ್ ಹೋಸ್‌ನ ರಬ್ಬರ್ ಆಯಿಲ್‌ಗೆ ಉಬ್ಬಿ ಮೆತ್ತಗಾಗುತ್ತೆ.

ಈಗ ನಿಮ್ಮ ಕೈಯಲ್ಲಿರೋದನ್ನು ಏನು ಮಾಡೋದು. ಆಯಿಲ್‌ನ್ನು ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ ಬಿಗಿಯಾಗಿ ಮುಚ್ಚಿ. ಅದೇ ಒಣಗಿದ, ಅಳತೆಗೆ ಸರಿಯಾದ ಪಾತ್ರೆ. ಕೀಟನಾಶಕದ ಕ್ಯಾನ್, ಬ್ಲೀಚಿಂಗ್ ದ್ರಾವಣದ ಕ್ಯಾನ್ ಬೇಡ, ಅದರಲ್ಲಿ ಉಳಿದ ಕ್ಲೋರಿನ್ ಅಂಶವೂ ಆಯಿಲ್ ಕೆಡಿಸುತ್ತೆ. ಫಿಲ್ಟರಿನ ಗುಮ್ಮಟದ ಕಡೆ ಒಂದು ತೂತು ಹೊಡೆದು, ರಾತ್ರಿಯಿಡೀ ಟ್ರೇ ಮೇಲೆ ಬೋರಲು ಹಾಕಿಡಿ, ಇಳಿದದ್ದನ್ನೂ ಅದೇ ಕ್ಯಾನಿಗೆ ಸೇರಿಸಿ. ನಿಮ್ಮ ತೋಟದ ಸುತ್ತಮುತ್ತ ಸೆಂಟ್ರಿಂಗ್ ಶೀಟಿಗೆ ಹಚ್ಚೋಕೆ, ಗೆದ್ದಲು ಬರದ ಹಾಗೆ ಮರಕ್ಕೆ ಬಳಿಯೋಕೆ ಅಂತ ಕರಿ ಆಯಿಲ್ ಕೇಳೋರು ಇದ್ದೇ ಇರ್ತಾರೆ. ನನ್ನ ಮಟ್ಟಿಗೆ ಕೊಡಬೇಡಿ. ಶೀಟಿಗೆ ಹಚ್ಚಿದ್ದು ಕ್ಯೂರಿಂಗ್ ನೀರಿನ ಜೊತೆ ಮಣ್ಣಿಗೇ ಇಳಿಯೋದು, ಹಚ್ಚೋರ ಬರಿಗೈಗೂ ಒಳ್ಳೇದಲ್ಲ.

ಎಲ್ಲಿಗೆ ಕೊಡೋದು ಅಂದರೆ, ಪಟ್ಟಣದ ಸ್ವಲ್ಪ ದೊಡ್ಡ ಸರ್ವಿಸ್ ಸೆಂಟರ್‌ಗೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ, ಅದನ್ನು ಅನುಮತಿ ಪಡೆದ ಘಟಕಕ್ಕೇ ಕಳಿಸಬೇಕು. ಹಾಗೆ ಕಳಿಸೋರ ಬಳಿ ಫಾರಂ 10 ಅನ್ನೋ ಸಾಗಣೆ ಚೀಟಿಯ ಪ್ರತಿ ಇರುತ್ತೆ. "ನಿಮ್ಮ ಬ್ಯಾರಲ್ ಯಾರು ತಗೊಂಡು ಹೋಗ್ತಾರೆ, ಚೀಟಿ ಕೊಡ್ತಾರಾ?" ಅಂತ ಕೇಳಿ. ಗುಜರಿಯವನು ಬರ್ತಾನೆ, ಕ್ಯಾಶ್ ಕೊಡ್ತಾನೆ ಅಂದರೆ ಆ ಆಯಿಲ್ ಇಟ್ಟಿಗೆ ಗೂಡಿಗೋ, ಬಣ್ಣ ತೆಗೆದು ನಕಲಿ ಡಬ್ಬಕ್ಕೋ ಹೋಗೋ ಸಾಧ್ಯತೆ ಹೆಚ್ಚು. ಬೇರೆ ಕಡೆ ಕೇಳಿ.

ಕೂಲಂಟ್ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ಅದಕ್ಕೆ ಆಯಿಲ್‌ನಂತೆ ಬೆಲೆಯಿಲ್ಲ, ದುಡ್ಡು ಕೊಟ್ಟು ಹುಡುಕಿಕೊಂಡು ಬರೋರಿಲ್ಲ. ತನ್ನದೇ ಕೊಳಚೆ ನೀರಿನ ಶುದ್ಧೀಕರಣ ಘಟಕ ಇರೋ ಅಥವಾ ಕೂಲಂಟನ್ನೂ ಅಪಾಯಕಾರಿ ತ್ಯಾಜ್ಯವಾಗಿ ಬೇರೆ ಡ್ರಮ್ಮಿನಲ್ಲಿ ಹಿಡಿದು ಕಳಿಸೋ ಸರ್ವಿಸ್ ಸೆಂಟರ್‌ ಹುಡುಕಬೇಕು, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಸಿಗೋವರೆಗೆ ಮನೆಯಲ್ಲೇ ಇಡಿ, ಮುಚ್ಚಿದ ಕ್ಯಾನಿನಲ್ಲಿ ಅದು ಕೆಟ್ಟುಹೋಗೋದೇನಿಲ್ಲ. ತೋಟದಲ್ಲಿ ಸುರಿದರೆ ನೀರಿನ ಜೊತೆ ಪೂರ್ತಿ ಬೆರೆತು ಮಣ್ಣಲ್ಲಿ ಕೆಳಗಿಳಿಯುತ್ತೆ. ಹಳೇ ಕೂಲಂಟ್ ಆದರೆ ರೇಡಿಯೇಟರಿಂದ ಬಿಡಿಸಿಕೊಂಡ ತಾಮ್ರ, ಸೀಸದ ಅಂಶವನ್ನೂ ಹೊತ್ತಿರುತ್ತೆ.

ಇಡೋ ಜಾಗದ ಬಗ್ಗೆ ಮಾತ್ರ ತುಂಬ ಎಚ್ಚರ. ಎಥಿಲೀನ್ ಗ್ಲೈಕಾಲ್ ಸಿಹಿ. ತೋಟದ ಮನೆ ಅಂದಿರಿ, ನಾಯಿ ಇರುತ್ತೆ, ಕರು ಇರುತ್ತೆ, ಮಕ್ಕಳು ಬರ್ತಾರೆ. ತೆರೆದ ಬಕೆಟ್ಟಿನಲ್ಲಿ ಇಟ್ಟರೆ ನೆಕ್ಕುತ್ತವೆ. ಸಾಧಾರಣ ನಾಯಿಗೆ ದೇಹದ ತೂಕದ ಕಿಲೋಗೆ ನಾಲ್ಕೈದು ಮಿಲಿಲೀಟರ್ ಶುದ್ಧ ಗ್ಲೈಕಾಲ್ ಸಾಕು ಪ್ರಾಣಕ್ಕೆ, ಬೆಕ್ಕಿಗೆ ಅದಕ್ಕಿಂತಲೂ ಕಡಿಮೆ. ಮೊದಲು ಕುಡಿದವರ ಹಾಗೆ ತೂರಾಡುತ್ತೆ, ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತೆ, ಅಷ್ಟರಲ್ಲಿ ಒಳಗೆ ಮೂತ್ರಪಿಂಡದಲ್ಲಿ ಹರಳು ಕಟ್ಟಿರುತ್ತೆ. ಕುಡಿದ ಅನುಮಾನ ಬಂದರೆ ಸುಧಾರಿಸಿತಲ್ಲ ಅಂತ ಕಾಯಬೇಡಿ. ನಾಯಿ, ಕರುವಾದರೆ ಕೂಡಲೇ ಪಶುವೈದ್ಯರ ಹತ್ತಿರ, ಮನುಷ್ಯರಾದರೆ ನೇರ ಆಸ್ಪತ್ರೆಗೆ, ಕೂಲಂಟ್ ಕ್ಯಾನಿನ ಲೇಬಲ್ ಜೊತೆಗೇ ಒಯ್ಯಿರಿ. ನೀರಿನ ಬಾಟಲಿ, ಜ್ಯೂಸ್ ಬಾಟಲಿಗೆ ಯಾವ ಕಾರಣಕ್ಕೂ ತುಂಬಬೇಡಿ. "ಹಳೇ ಕೂಲಂಟ್, ವಿಷ" ಅಂತ ದಪ್ಪ ಅಕ್ಷರದಲ್ಲಿ ಬರೆದು ಎತ್ತರದಲ್ಲಿ ಇಡಿ.

ಈ ಉತ್ತರ ಓದೋ ಹೊತ್ತಿಗೆ ಈಗಾಗಲೇ ಬೆರೆಸಿಬಿಟ್ಟಿದ್ದೀರಾದರೆ, ಬೇರೆ ಮಾಡೋ ಪ್ರಯತ್ನ ಬೇಡ, ಕಾಯಿಸೋ ಪ್ರಯತ್ನವಂತೂ ಬೇಡವೇ ಬೇಡ. ಆ ಕ್ಯಾನಿನ ಮೇಲೆ "ಆಯಿಲ್ + ಕೂಲಂಟ್" ಅಂತ ಬರೆದು, ಅದಕ್ಕೆ ಬೇರೇನೂ ಸೇರಿಸಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡುವಾಗ ಬೆರೆತದ್ದು ಅಂತ ಬಾಯಿಬಿಟ್ಟು ಹೇಳಿ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಸೇರಿಕೊಂಡ ಎಂಜಿನ್‌ನಿಂದ ಇಳಿದ, ಕಂದು ಲೋಳೆಯಂಥ ಆಯಿಲ್‌ಗೂ ಇದೇ ಮಾತು, ನೀವು ಬೆರೆಸದೇ ಇದ್ದರೂ ಅದು ಬೆರೆತದ್ದೇ. ಇನ್ನು ನಿಮ್ಮ ಕಣ್ಣೆದುರೇ ಗ್ಯಾರೇಜಿನ ಹುಡುಗ ಕೂಲಂಟ್ ಕ್ಯಾನ್ ತಗೊಂಡು ಆಯಿಲ್ ಬ್ಯಾರಲ್ ಕಡೆ ನಡೆದರೆ, ಅಲ್ಲೇ ತಡೆದು ಕ್ಯಾನ್ ವಾಪಸ್ ತಗೊಂಡು ಮನೆಗೆ ಬನ್ನಿ.