ಕುರ್ತಿ ರಿಟರ್ನ್ ಜಾಸ್ತಿಯಾಗಿ ಅಕೌಂಟಿಗೆ ವಾರ್ನಿಂಗ್ ಬಂದಾಗ

ಪ್ರಶ್ನೆ: ರಾಣೆಬೆನ್ನೂರಿನಿಂದ ಆನ್‌ಲೈನ್‌ನಲ್ಲಿ ಕಾಟನ್ ಕುರ್ತಿ ಮಾರ್ತೀನಿ. ರಿಟರ್ನ್ ಜಾಸ್ತಿ ಅಂತ ಅಕೌಂಟಿಗೆ ವಾರ್ನಿಂಗ್ ಬಂದಿದೆ, ರೇಟಿಂಗೂ 3.6ಕ್ಕೆ ಇಳಿದಿದೆ. 7 ದಿನದೊಳಗೆ ಉತ್ತರ ಕೊಡಿ ಅಂದಿದ್ದಾರೆ. ಏನಂತ ಬರೀಲಿ?

ಇವತ್ತೇ ಏನೂ ಬರೀಬೇಡ್ರಿ. ಏಳು ದಿನ ಇದೆಯಲ್ಲ, ಮೊದಲ ಎರಡು ದಿನ ಲೆಕ್ಕಕ್ಕೆ ಇಡ್ರಿ. ನನಗೆ ವಾರ್ನಿಂಗ್ ಬಂದಾಗ ಅದೇ ರಾತ್ರಿ ಕೂತು "ಗ್ರಾಹಕರೇ ಬೇಕಂತ ವಾಪಸ್ ಮಾಡ್ತಾರೆ, ಉಟ್ಟು ಕಳಿಸ್ತಾರೆ" ಅಂತ ಉದ್ದಕ್ಕೆ ಬರೆದು ಕಳಿಸಿದ್ದೆ. ಮರುದಿನವೇ ತಿರಸ್ಕಾರ. ಓದುವವರಿಗೆ ನಮ್ಮ ಸಂಕಟ ಬೇಕಿಲ್ಲ. ಎಲ್ಲಿ ತಪ್ಪಾಯ್ತು, ಅದಕ್ಕೆ ಏನು ಮಾಡಿದಿರಿ, ಇಷ್ಟೇ ಬೇಕು.

ನಾನು ಹುಬ್ಬಳ್ಳಿಯವಳು. ಬಟ್ಟೆ ಇಲ್ಲೇ ಹೋಲ್‌ಸೇಲ್‌ನಲ್ಲಿ ತಂದು, ಹಳೇ ಹುಬ್ಬಳ್ಳಿಯ ಒಬ್ಬ ಟೇಲರ್ ಹತ್ತಿರ ಹೊಲಿಸ್ತೀನಿ. ನನ್ನ ವಾರ್ನಿಂಗ್ ಬಂದಾಗ 30 ದಿನದ ರಿಪೋರ್ಟ್ ತೆಗೆದೆ: 212 ಆರ್ಡರ್, 41 ರಿಟರ್ನ್. ಅಂದರೆ ನೂರಕ್ಕೆ 19ರ ಮೇಲೆ. ಇದನ್ನು ನೋಡಿದರೆ ಅಂಗಡಿಯೇ ಕೆಟ್ಟಿದೆ ಅನಿಸುತ್ತೆ. ಡಿಸೈನ್ ಪ್ರಕಾರ ಬಿಡಿಸಿದಾಗ ಬೇರೆಯೇ ಕಂಡಿತು. ಒಂದೇ ಒಂದು ನೀಲಿ ಕುರ್ತಿ, 88 ಆರ್ಡರಿಗೆ 28 ವಾಪಸ್. ಉಳಿದ ಎಲ್ಲಾ ಡಿಸೈನ್ ಸೇರಿ 124ಕ್ಕೆ 13. ಆ 28ರಲ್ಲಿ 20 ಜನ ಕೊಟ್ಟ ಕಾರಣ "ಸೈಜ್ ಚಿಕ್ಕದು". ನೀವೂ ಹೀಗೇ ಬಿಡಿಸಿ ನೋಡ್ರಿ. ಮೊದಲು ಡಿಸೈನ್, ಆಮೇಲೆ ಅದರೊಳಗೆ ಸೈಜ್, ಆಮೇಲೆ ಕಾರಣ. ಗ್ರಾಹಕರು ಬಾಗಿಲಲ್ಲೇ ಬೇಡ ಅಂದು ವಾಪಸ್ ಬಂದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳನ್ನು (ಆರ್‌ಟಿಓ ಅಂತ ತೋರಿಸುತ್ತೆ) ಬೇರೆ ಎತ್ತಿಡ್ರಿ. ಅವರು ಪ್ಯಾಕೆಟ್ಟೇ ಬಿಚ್ಚಿಲ್ಲ, ಸೈಜಿನ ಬಗ್ಗೆ ಅದು ಏನೂ ಹೇಳಲ್ಲ.

ಆಮೇಲೆ ಆ ಕುರ್ತಿಯ M ಸೈಜ್ ಒಂದನ್ನು ನೆಲದ ಮೇಲೆ ಹಾಸಿ ಟೇಪ್ ಹಿಡಿದೆ. ಕಂಕುಳಿಂದ ಕಂಕುಳಿಗೆ 19 ಇಂಚು, ಸುತ್ತಳತೆ 38. ಲಿಸ್ಟಿಂಗ್‌ನಲ್ಲೂ M ಅಂದರೆ 38 ಅಂತಲೇ ಇತ್ತು. ಸರಿಯಾಗೇ ಇದೆಯಲ್ಲ ಅಂತ ಟೇಲರ್‌ಗೆ ಫೋನ್ ಮಾಡಿದೆ. "ಮೂವತ್ತೆಂಟು ಅಂದ್ರಿ, ಮೂವತ್ತೆಂಟ ಹೊಲದೀನ್ರಿ ಅಕ್ಕಾರ. ಮೈ ಅಳತಿ ಅಂತ ನೀವೇನು ಹೇಳಿರಲಿಲ್ಲಲ್ಲ" ಅಂದರು. ಅಲ್ಲೇ ಇತ್ತು ಗಂಟು. 38 ಎದೆಯಳತೆ ಇರುವ ಹೆಣ್ಣುಮಗಳಿಗೆ ನೇಯ್ದ ಕಾಟನ್ ಕುರ್ತಿ ಆರಾಮಾಗಿ ಕೂರಬೇಕಂದರೆ ಬಟ್ಟೆ 40–41 ಇಂಚಾದರೂ ಇರಬೇಕು. ಟೀ ಶರ್ಟಿನ ಹಾಗೆ ಇದು ಎಳೆದರೆ ಬರುವ ಬಟ್ಟೆಯಲ್ಲ. ಚಾರ್ಟ್‌ನಲ್ಲಿ ಮೈ ಅಳತೆಯೋ ಬಟ್ಟೆ ಅಳತೆಯೋ ಅಂತ ನಾನು ಬರೆದೇ ಇರಲಿಲ್ಲ. ಹಳೆ ಡಿಸೈನ್‌ಗಳಲ್ಲಿ ಮೊದಲಿನ ಟೇಲರ್ ತಾವೇ ಎರಡೂವರೆ ಇಂಚು ಬಿಟ್ಟು ಹೊಲಿಯುತ್ತಿದ್ದರಂತೆ, ಹಾಗಾಗಿ ಅವು ನಡೆದುಹೋಗಿದ್ದವು.

ಇಷ್ಟಾದರೂ ರೇಟಿಂಗ್ ಯಾಕೆ ಬಿತ್ತು ಅನ್ನೋದು ಬಿಡಿಸಿರಲಿಲ್ಲ. ಸೈಜ್ ಚಿಕ್ಕದಾದವರು ವಾಪಸ್ ಮಾಡಿ ಸುಮ್ಮನಾಗಿದ್ದರು, ಒಂದು ಸ್ಟಾರ್ ಕೊಟ್ಟವರು ಬೇರೆಯವರೇ. ರಿವ್ಯೂ ದಿನಾಂಕ ನೋಡಿದೆ. ಹೆಚ್ಚಿನವು ಪಾರ್ಸೆಲ್ ಮುಟ್ಟಿ ಎರಡು-ಮೂರು ವಾರದ ಮೇಲೆ ಬಂದವು. "ಒಂದೇ ಒಗೆತಕ್ಕೆ ಗಿಡ್ಡ ಆಯ್ತು" ಅನ್ನೋ ಮಾತು. ರಿಟರ್ನ್ ಆಗೋದು ಹಾಕಿ ನೋಡಿದ ದಿನ, ಸ್ಟಾರ್ ಬೀಳೋದು ಒಗೆದ ಮೇಲೆ. ಹೊಸ ತಾನಿನಿಂದ ಒಂದು ಮೀಟರ್ ಕತ್ತರಿಸಿ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಅಳೆದೆ: 96 ಸೆಂಟಿಮೀಟರ್. ನೂರಕ್ಕೆ ನಾಲ್ಕು ಅಂದರೆ 44 ಇಂಚು ಉದ್ದದ ಕುರ್ತಿ ಸುಮಾರು ಒಂದು ಮುಕ್ಕಾಲು ಇಂಚು ಗಿಡ್ಡ. ಈ ಪರೀಕ್ಷೆಗೆ ಒಂದು ಮೀಟರ್ ಬಟ್ಟೆ ಹೋಗುತ್ತೆ ಅಷ್ಟೇ, ಹೊಸ ತಾನು ಬಂದಾಗೆಲ್ಲ ಮಾಡ್ರಿ.

ಈಗ ಉತ್ತರದ ಮಾತು. ಅದನ್ನು ಬರೆಯುವ ಮುಂಚೆ ಕೆಲಸ ಮುಗಿಸಿರಬೇಕು, ಯಾಕಂದ್ರೆ "ಮುಂದೆ ನೋಡಿಕೊಳ್ತೀವಿ" ಅನ್ನೋದಕ್ಕೆ ಬೆಲೆ ಇಲ್ಲ. ನಾನು ಆ ಕುರ್ತಿಯ ಸ್ಟಾಕ್ ಸೊನ್ನೆ ಮಾಡಿದೆ, ಲಿಸ್ಟಿಂಗ್ ಅಳಿಸಲಿಲ್ಲ. ಅಳಿಸಿ ಅದನ್ನೇ ಹೊಸದಾಗಿ ಹಾಕಿದರೆ ರೇಟಿಂಗ್ ತಪ್ಪಿಸಿಕೊಳ್ಳೋಕೆ ಮಾಡಿದ್ದು ಅಂತ ಇನ್ನೊಂದು ತಕರಾರು ಬೀಳಬಹುದು. ಆಮೇಲೆ ಕಳಿಸಿದ್ದು ಇಂಗ್ಲಿಷಿನಲ್ಲಿ, ಸಾರಾಂಶ ಇಷ್ಟು:

"30 ದಿನದಲ್ಲಿ 41 ರಿಟರ್ನ್ ಆಗಿವೆ, ಅದರಲ್ಲಿ 28 ಒಂದೇ ಕುರ್ತಿಯವು. ಕಾರಣ: ಸೈಜ್ ಚಾರ್ಟ್‌ನಲ್ಲಿ ಬಟ್ಟೆಯ ಅಳತೆಯನ್ನು ಮೈ ಅಳತೆಯಂತೆ ಕೊಟ್ಟಿದ್ದೆವು, ಬಟ್ಟೆ ಒಗೆದಾಗ 4% ಕುಗ್ಗುತ್ತಿತ್ತು. ಮಾಡಿದ್ದು: 12ನೇ ತಾರೀಖಿಗೆ ಮಾರಾಟ ನಿಲ್ಲಿಸಿದ್ದೇವೆ, ಎಲ್ಲಾ ಲಿಸ್ಟಿಂಗ್‌ಗಳ ಚಾರ್ಟ್ ತಿದ್ದಿದ್ದೇವೆ, ಟೇಪ್ ಹಿಡಿದ ಫೋಟೋ ಹಾಕಿದ್ದೇವೆ. ಇನ್ನು ಮುಂದೆ: ಕತ್ತರಿಸುವ ಮೊದಲು ಬಟ್ಟೆ ನೆನೆಸುತ್ತೇವೆ, ಪ್ರತಿ ಲಾಟ್‌ನಿಂದ ಪ್ರತಿ ಸೈಜಿನ ಎರಡು ಪೀಸು ಅಳೆಯುತ್ತೇವೆ."

ಜೊತೆಗೆ ಮೂರು ಫೋಟೋ ಮತ್ತು ಬಟ್ಟೆ ಖರೀದಿ ಬಿಲ್. ಒಂದು ಪುಟ ದಾಟಲಿಲ್ಲ. ಕಳಿಸಿದ ಮೇಲೆ ದಿನಾ ಹೊಸ ಟಿಕೆಟ್ ತೆರೆಯಬೇಡ್ರಿ, ಅದೇ ಟಿಕೆಟ್‌ನಲ್ಲೇ ಕೇಳ್ರಿ. ಅಕೌಂಟ್ ನಿಲ್ಲಬಹುದು ಅಂತ ಹೆದರಿ ಮನೆಯವರ ಹೆಸರಲ್ಲಿ ಇನ್ನೊಂದು ತೆರೆಯೋದಂತೂ ಬೇಡವೇ ಬೇಡ. ಬ್ಯಾಂಕು, ವಿಳಾಸ, ಫೋನ್ ಹೊಂದಿಕೆಯಾದರೆ ಎರಡೂ ಹೋಗ್ತಾವೆ.

ಇನ್ನೊಂದು ಮಾತು. ವಾಪಸ್ ಬಂದ ಪೀಸನ್ನು ಕವರ್ ಬದಲಿಸಿ ಹಾಗೇ ಮತ್ತೊಬ್ಬರಿಗೆ ಕಳಿಸೋ ಚಾಳಿ ನಮ್ಮಲ್ಲಿ ಬಹಳ. ನಾನೂ ಮಾಡಿದ್ದೆ. ಕಂಕುಳಲ್ಲಿ ಪೌಡರ್ ಕಲೆ ಇದ್ದ ಒಂದು ಕುರ್ತಿ ಬೆಳಗಾವಿಗೆ ಹೋಗಿ "ಉಟ್ಟದ್ದನ್ನು ಕಳಿಸಿದ್ದಾರೆ" ಅಂತ ಫೋಟೋ ಸಮೇತ ಬಂತು. ಬಳಸಿದ್ದನ್ನು ಹೊಸದೆಂದು ಮಾರಿದ ದೂರು ಸೈಜ್ ದೂರಿಗಿಂತ ಬಹಳ ದೊಡ್ಡದು. ಈಗ ಪ್ರತಿ ರಿಟರ್ನನ್ನು ವಿಡಿಯೋ ಮಾಡುತ್ತಾ ಬಿಚ್ಚುತ್ತೀನಿ, ಬೆಳಕಿಗೆ ಹಿಡಿದು ನೋಡ್ತೀನಿ. ಸಂಶಯ ಬಂದದ್ದು ಇಲ್ಲಿನ ದುರ್ಗದಬೈಲ್ ಮಾರ್ಕೆಟ್ ಕಡೆ ಕಡಿಮೆ ರೇಟಿಗೆ ಹೋಗುತ್ತೆ.

ಉತ್ತರ ಒಪ್ಪಿದರೂ ಮೊದಲ ಎರಡು-ಮೂರು ವಾರ ಅಂಕಿ ಇನ್ನೂ ಕೆಡುತ್ತೆ, ಗಾಬರಿ ಆಗಬೇಡ್ರಿ. ಮೊದಲೇ ಹೋದ ಪಾರ್ಸೆಲ್‌ಗಳು ವಾಪಸ್ ಬರ್ತಾನೇ ಇರ್ತಾವೆ, ಓಡುವ ಮಾಲು ನಿಲ್ಲಿಸಿದ್ದರಿಂದ ಒಟ್ಟು ಆರ್ಡರ್ ಕಡಿಮೆ ಆಗಿರುತ್ತೆ. ನನ್ನ ರಿಟರ್ನ್ ನೂರಕ್ಕೆ 23ಕ್ಕೆ ಏರಿ, ಆರನೇ ವಾರಕ್ಕೆ 11ಕ್ಕೆ ಬಂತು.

ರೇಟಿಂಗ್ ಇಷ್ಟು ಬೇಗ ಏರಲ್ಲ. ಒಂದು ಕುರ್ತಿಗೆ 60 ಜನ ಕೊಟ್ಟು 3.6 ಆಗಿದೆ ಅಂತಿಟ್ಟುಕೊಳ್ರಿ. ಅದು 4 ಆಗಬೇಕಂದರೆ, ಹೊಸಬರು ಸರಾಸರಿ ನಾಲ್ಕೂವರೆ ಕೊಟ್ಟರೂ 48 ಜನ ಬೇಕು. ಹತ್ತರಲ್ಲಿ ಒಬ್ಬರು ರೇಟಿಂಗ್ ಕೊಟ್ಟರೆ ಅದು 480 ಆರ್ಡರ್. ನೆಂಟರಿಂದ ಐದು ಸ್ಟಾರ್ ಹಾಕಿಸೋದು, ಗ್ರಾಹಕರಿಗೆ ಫೋನ್ ಮಾಡಿ ರಿವ್ಯೂ ತೆಗೀರಿ ಅನ್ನೋದು ಎರಡೂ ಅಕೌಂಟಿಗೇ ಕುತ್ತು. ಆ ನೀಲಿ ಕುರ್ತಿಯನ್ನು ನಾನು ನೆನೆಸಿದ ಬಟ್ಟೆಯಲ್ಲಿ, M ಅಂದರೆ 41 ಇಂಚಿಗೆ ಹೊಲಿಸಿ ಸೈಜಿಗೆ ಹತ್ತರಂತೆ ಮಾತ್ರ ಮತ್ತೆ ಬಿಟ್ಟೆ. ಆ ಹತ್ತರ ರಿಟರ್ನ್ ನೋಡಿದ ಮೇಲೆಯೇ ಟೇಲರ್‌ಗೆ ಮುಂದಿನ ತಾನು ಕೊಟ್ಟಿದ್ದು.